ಹಸ್ತ ಮಳೆಗೆ ಬಿತ್ತಿದ ಜೋಳ

ವೇದಾ ಮದುವೆಯಾಗಿ ಬೆಂಗಳೂರಿನ ಹತ್ತಿರದ ಕೃಷ್ಣರಾಜಪುರಕ್ಕೆ ಬಂದದ್ದು ೧೯೬೮ರ ಮೇ ತಿಂಗಳಲ್ಲಿ. ಗಂಡ ಗುರುರಾಜ್ ಅಲ್ಲಿನ ಕಾರ್ಖಾನೆಯಲ್ಲಿ ಫಿಟ್ಟರ್. ಕ್ವಾರ್ಟರ್ಸಿನ ಕೊನೆಯ ಸಾಲಿನಲ್ಲಿ ಎರಡು ಕೋಣೆಯ ಮನೆ. ಹಿತ್ತಲಿನ ತಂತಿಬೇಲಿಯಾಚೆಗೆ ಬೈಲಪ್ಪನ ಇಪ್ಪತ್ತು ಗುಂಟೆ ಹೊಲ.

ಅವಳ ತವರು ವಿಜಾಪುರದ ಕಡೆ, ಇಂಡಿ ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ಹಯಗ್ರೀವರಾಯರಿಗೆ ಅಲ್ಲಿ ಕಪ್ಪು ಎರೆಮಣ್ಣಿನ ಹೊಲವಿತ್ತು. ಅಪ್ಪನ ಹಿಂದೆ ಹೊಲ ಸುತ್ತಿ ಬೆಳೆದ ಹುಡುಗಿಗೆ ಕ್ವಾರ್ಟರ್ಸಿನಲ್ಲಿ ಮಾತಾಡಲು ಯಾರೂ ಸಿಕ್ಕಲಿಲ್ಲ. ಪಕ್ಕದ ಮನೆಯ ರಮಾಮಣಿ ಒಳ್ಳೆಯವಳೇ. ಆದರೆ ವೇದಾ ‘ಹೂನ್ರೀ’ ಅಂದಾಗಲೆಲ್ಲ ಅವಳಿಗೆ ನಗು. ನಾಲ್ಕು ಸಲ ನಕ್ಕ ಮೇಲೆ ವೇದಾ ಬಾಯಿ ಬಿಡುವುದನ್ನೇ ಕಡಿಮೆ ಮಾಡಿದಳು. ಗುರುರಾಜ್ ಅವಳ ಸೀಮೆಯವನೇ, ಆದರೆ ಇಲ್ಲಿಯ ಮಾತಿಗೆ ಒಗ್ಗಿಹೋದವನು, ಸ್ವಭಾವತಃ ಮಿತಭಾಷಿ. ಶಿಫ್ಟ್ ಮುಗಿಸಿ ಬಂದು, ಊಟ ಮಾಡಿ, ಪೇಪರ್ ಓದಿ ಮಲಗುತ್ತಿದ್ದ. ಹೆಂಡತಿ ಮೌನವಾಗಿರುವುದು ಅವಳ ಗುಣವೇ ಇರಬೇಕೆಂದುಕೊಂಡಿದ್ದ.

ಜೂನ್ ಕೊನೆಯಲ್ಲಿ ಎರಡು ಹದ ಮಳೆಯಾಯಿತು. ಮಾರನೆಯ ಬೆಳಿಗ್ಗೆಯೇ ಸುತ್ತಲಿನ ಹೊಲಗಳಲ್ಲೆಲ್ಲ ಎತ್ತುಗಳು ಇಳಿದವು. ಬೈಲಪ್ಪನೂ ಪಕ್ಕದ ಹೊಲದ ಮುನಿರಾಜಪ್ಪನ ಎತ್ತುಗಳನ್ನು ಕೇಳಿ ತಂದು ಉಳುತ್ತಿದ್ದ. ಬೇಲಿಯ ಬಳಿ ಬಟ್ಟೆ ಒಣಹಾಕುತ್ತಿದ್ದ ವೇದಾಗೆ ತಡೆಯಲಾಗಲಿಲ್ಲ.

“ಅಜ್ಜಾರ, ಇಷ್ಟು ಲಗೂನ ಯಾಕ ಉಳಾಕತ್ತೀರಿ? ಬಿತ್ತೂದು ಇನ್ನ ಮೂರು ತಿಂಗಳ ಅದ ಅಲ್ಲ?”

ಬೈಲಪ್ಪ ಎತ್ತು ನಿಲ್ಲಿಸಿದ. ಅರವತ್ತು ದಾಟಿದ ತೆಳ್ಳನೆಯ ಮನುಷ್ಯ. ಹೆಂಡತಿ ತೀರಿಹೋಗಿದ್ದಳು, ಒಬ್ಬಳೇ ಮಗಳನ್ನು ಹೊಸಕೋಟೆಗೆ ಕೊಟ್ಟಿದ್ದ.

“ಮೂರು ತಿಂಗಳಾ? ಅಷ್ಟೊತ್ತಿಗೆ ರಾಗಿ ತೆನೆ ಬಿಡ್ತಿರುತ್ತೆ ಕಣಮ್ಮ. ನಿಮ್ ಕಡೆ ಯಾವಾಗ ಬಿತ್ತಾರೆ?”

“ಹಸ್ತ ಮಳಿಗೆ. ಮುಂಗಾರಿನ್ಯಾಗ ನಾವು ಬರೇ ಹರಗತೀವಿ, ಕುಂಟಿ ಹೊಡದು ಮಣ್ಣು ಸಡಲ ಮಾಡತೀವಿ. ಬಿದ್ದ ಮಳಿ ಎಲ್ಲಾ ನೆಲಾ ಕುಡೀತದ. ಆಮ್ಯಾಲೆ ಜೋಳ ಹಾಕಿದ್ರ ಮುಂದ ಮಳಿ ಬರಲಿಲ್ಲಂದ್ರೂ ಬೆಳೀತದ.”

“ಮಳೆ ಇಲ್ದೆ?”

“ಮಳಿ ಇಲ್ದನ. ನೆಲದಾಗಿನ ಹಸಿ, ಚಳಿಗಾಲದ ಇಬ್ಬನಿ, ಅಷ್ಟ ಸಾಕು.”

ಬೈಲಪ್ಪ ನಗಲಿಲ್ಲ. “ಒಂದೊಂದು ಸೀಮೆ ಒಂದೊಂದು ಥರ” ಎಂದು ಎತ್ತುಗಳನ್ನು ಮುಂದಕ್ಕೆ ಹೊಡೆದ. ಆ ಊರಿಗೆ ಬಂದ ಮೇಲೆ ಅವಳು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

ಉತ್ತದ್ದಾಯಿತು, ಬಿತ್ತಲಾಗಲಿಲ್ಲ. ಜುಲೈ ಮೊದಲ ವಾರ ಬೈಲಪ್ಪನಿಗೆ ಜ್ವರ ಹಿಡಿಯಿತು. ಎಂಟು ದಿನವಾದರೂ ಇಳಿಯದಿದ್ದಾಗ ಮುನಿರಾಜಪ್ಪ ಗಾಡಿಯಲ್ಲಿ ಮಲಗಿಸಿಕೊಂಡು ಹೋಗಿ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೆ ಸೇರಿಸಿ ಬಂದ. ಟೈಫಾಯಿಡ್. ಬಿತ್ತನೆಯ ದಿನಗಳಲ್ಲಿ ಎಲ್ಲರಿಗೂ ಅವರವರ ಹೊಲದ ಅವಸರ. ಬೈಲಪ್ಪನ ಹೊಲ ಹಾಗೇ ಉಳಿಯಿತು. ಸುತ್ತ ರಾಗಿ ಗೇಣುದ್ದ ಬೆಳೆದು ಹಸಿರಾದಾಗ ನಡುವೆ ಇದೊಂದು ಮಾತ್ರ ಕೆಂಪಗೆ ಬಿದ್ದಿತ್ತು.

ಅವನು ಕೋಲೂರಿಕೊಂಡು ಹೊಲಕ್ಕೆ ಬಂದಾಗ ಆಗಸ್ಟ್ ಮುಗಿಯುತ್ತಿತ್ತು. ಬದುವಿನ ಮೇಲೆ ಕೂತು ಮಧ್ಯಾಹ್ನದವರೆಗೂ ಏಳಲಿಲ್ಲ. ವೇದಾ ಒಂದು ಲೋಟ ಮಜ್ಜಿಗೆ ತೆಗೆದುಕೊಂಡು ಹೋಗಿ ಬೇಲಿಯ ಮೇಲಿಂದ ಕೊಟ್ಟಳು.

“ನಂಗೆ ಬುದ್ಧಿ ಬಂದಾಗಿಂದ ಈ ನೆಲ ಮುಂಗಾರಲ್ಲಿ ಬರಿದಾಗಿ ಕೂತಿಲ್ಲ ತಾಯಿ” ಎಂದ.

“ಈಗ ರಾಗಿ ಹಾಕಿದ್ರ?”

“ಈಗ ಹಾಕಿದ್ರೆ ತೆನೆ ಕಟ್ಟೋ ಹೊತ್ಗೆ ಮಳೆ ನಿಂತೋಗಿರುತ್ತೆ. ಕಾಳು ಜೊಳ್ಳು.”

ವೇದಾಳ ಮುಖ ಅರಳಿತು. “ಅಜ್ಜಾರ, ನಮ್ಮ ಲೆಕ್ಕದಾಗ ಬಿತ್ತೂ ಕಾಲ ಇನ್ನೂ ಬಂದ ಇಲ್ಲ. ನನ್ನ ಹತ್ರ ಅಪ್ಪಾ ಕಳಿಸಿದ ಜೋಳ ಅದ. ಒಂದು ಸಲ ಹಾಕಿ ನೋಡೂಣು?”

ಬೈಲಪ್ಪ ಅವಳ ಮುಖವನ್ನೇ ನೋಡಿದ. ಕೆಳಗೆ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು, ಬೆರಳ ಸಂದಿಯಿಂದ ಉದುರಿಸಿದ.

“ಅರ್ಧ ನಿಂದು. ಇನ್ನರ್ಧಕ್ಕೆ ನಾನು ಹುರುಳಿ ಚೆಲ್ತೀನಿ” ಎಂದ.

ಮುಂದಿನ ಒಂದು ತಿಂಗಳು ವೇದಾ ಬೇರೆಯೇ ಹುಡುಗಿಯಾದಳು. ಬೆಳಗಿನ ಕೆಲಸ ಮುಗಿಸಿ ಬೇಲಿ ದಾಟಿ ಹೋಗುತ್ತಿದ್ದಳು. ಪ್ರತಿ ಮಳೆಯಾದ ಮೇಲೂ ಮುನಿರಾಜಪ್ಪನ ಆಳಿನಿಂದ ಕುಂಟೆ ಹೊಡೆಸಿ, ಹೆಪ್ಪುಗಟ್ಟಿದ ಮೇಲ್ಮಣ್ಣು ಒಡೆಸಿದಳು. ಹಾಗೆ ಮಾಡಿದರೆ ಒಳಗಿನ ಹಸಿ ಆರುವುದಿಲ್ಲ ಎಂದು ಬೈಲಪ್ಪನಿಗೆ ವಿವರಿಸಿದಳು. ಅವನು ತಲೆದೂಗಿದ. ಸೆಪ್ಟೆಂಬರ್ ನಡುವಿಗೆ ತನ್ನ ಅರ್ಧಕ್ಕೆ ಹುರುಳಿ ಚೆಲ್ಲಿದ. ತಿಂಗಳ ಕೊನೆಗೆ ಹಸ್ತ ಮಳೆ ಬಿದ್ದ ಮೂರನೆಯ ದಿನ ಅವಳು ಸಾಲು ಹಿಡಿದು ಜೋಳ ಬಿತ್ತಿದಳು.

ಜೋಳ ಚೆನ್ನಾಗಿ ಹುಟ್ಟಿತು. ಅಕ್ಟೋಬರಿನಲ್ಲಿ ನಾಲ್ಕು ಮಳೆಯಾದವು. ನವೆಂಬರ್ ಹೊತ್ತಿಗೆ ಪೈರು ಮೊಣಕಾಲು ದಾಟಿತು. ಗುರುರಾಜ್‌ಗೆ ಮನೆಗೆ ಬಂದರೆ ಈಗ ಜೋಳದ್ದೇ ಸುದ್ದಿ. ಹೆಂಡತಿ ಇಷ್ಟು ಮಾತಾಡಬಲ್ಲಳೆಂದು ಅವನಿಗೆ ಗೊತ್ತೇ ಇರಲಿಲ್ಲ. ಪೇಪರ್ ಮಡಿಸಿಟ್ಟು ಕೇಳುತ್ತಿದ್ದ.

ನವೆಂಬರ್ ನಡುವಿಗೆ ಮಳೆ ನಿಂತಿತು. ಮೂಡಣದ ಒಣಗಾಳಿ ಶುರುವಾಯಿತು. ತಿಂಗಳ ಕೊನೆಗೆ ಎಲೆಗಳು ಮಧ್ಯಾಹ್ನ ಸುರುಳಿ ಸುತ್ತತೊಡಗಿದವು. ಮೊದಮೊದಲು ಸಂಜೆಗೆ ಬಿಚ್ಚಿಕೊಳ್ಳುತ್ತಿದ್ದವು. ಒಂದು ದಿನ ಬೆಳಿಗ್ಗೆ ಹೋಗಿ ನೋಡಿದರೆ ಸುತ್ತಿಕೊಂಡೇ ಇದ್ದವು. ವೇದಾ ಗುದ್ದಲಿ ತೆಗೆದುಕೊಂಡು ಸಾಲಿನ ನಡುವೆ ಮೊಳದಾಳ ಅಗೆದಳು. ತವರಿನಲ್ಲಿ ಆ ಆಳದ ಮಣ್ಣನ್ನು ಹಿಡಿದರೆ ಸಂಕ್ರಾಂತಿಯ ಹೊತ್ತಿಗೂ ಉಂಡೆ ಕಟ್ಟುತ್ತಿತ್ತು. ಇಲ್ಲಿ ಬರೀ ಪುಡಿ, ಅದರ ಕೆಳಗೆ ಗರಸು.

ಬೈಲಪ್ಪ ಬಂದು ಪಕ್ಕದಲ್ಲಿ ಕೂತ.

“ಇಲ್ಲಿ ನೆಲಾ ನೀರು ಹಿಡ್ಕೊಳ್ಳೂದ ಇಲ್ಲ” ಎಂದಳು.

“ಹೂಂ ಕಣಮ್ಮ. ಮರಳು ಮಿಶ್ರ ಕೆಂಪು ಮಣ್ಣು. ಇವತ್ತು ಕೊಟ್ಟ ನೀರು ಹದಿನೈದು ದಿನಕ್ಕೆ ಖಾಲಿ. ಅದಕ್ಕೇ ನಾವು ಮಳೆ ಬೀಳೋವಾಗ್ಲೇ ಬಿತ್ತಿ, ಮಳೆ ಜೊತೇಲೇ ಬೆಳ್ಕೊಳೋದು. ಹಿಂಗಾರಿಗೆ ಇಲ್ಲಿ ಏನ್ ಬೆಳೀಬೇಕಂದ್ರೂ ಬಾವಿನೋ ಕೆರೆನೋ ಬೇಕು. ಹುರುಳಿ ಒಂದು ಹೆಂಗೋ ತಡ್ಕೊಳುತ್ತೆ.”

“ನಿಮಗ ಮೊದಲ ಗೊತ್ತಿತ್ತು?”

“ಗೊತ್ತಿತ್ತು.”

“ಮತ್ತ ಯಾಕ ಬಿಟ್ರಿ? ಎಲ್ಲಾ ಹುರುಳಿನ ಹಾಕಬಹುದಿತ್ತಲ್ಲ.”

ಬೈಲಪ್ಪ ತಲೆಯ ಟವೆಲ್ ಬಿಚ್ಚಿ ಮತ್ತೆ ಸುತ್ತಿಕೊಂಡ. “ಆಸ್ಪತ್ರೆಯಿಂದ ಬಂದಾಗ ನಂಗೂ ಜೀವ ಬೇಸತ್ತಿತ್ತು. ನೀನು ಬಂದ್ಬಿಟ್ಟು, ಇನ್ನೂ ಕಾಲ ಬಂದಿಲ್ಲ ಅಂದೆ. ಯಾರಾದ್ರೂ ಹಂಗನ್ನೋರು ಬೇಕಿತ್ತು. ಆಮೇಲೆ ನಿನ್ ಮುಖ ನೋಡ್ದೆ. ನನ್ ಮಗಳು ಹೊಸಕೋಟೆಗೆ ಹೋದ ಮೊದಲ ವರ್ಷ ಹಿಂಗೇ ಸಪ್ಪಗಿದ್ಳಂತೆ. ಹತ್ತು ಗುಂಟೆ ಹೋದ್ರೆ ಹೋಗ್ಲಿ ಅಂದ್ಕಂಡೆ.”

ವೇದಾಗೆ ಸಿಟ್ಟು ಬರಬೇಕಿತ್ತೇನೋ. ಬರಲಿಲ್ಲ. ಮಣ್ಣಾದ ಕೈಯಿಂದಲೇ ಕಣ್ಣು ಒರೆಸಿಕೊಂಡಳು.

ಸಂಜೆ ಗುರುರಾಜ್ ಬಂದಾಗ ಅವಳು ದೀಪ ಹಾಕದೆ ಒಲೆಯ ಮುಂದೆ ಕೂತಿದ್ದಳು. ಏನಾಯಿತೆಂದು ಕೇಳಿದ. ಹೇಳಿದಳು. ಅವನು ಚಹಾ ಕುಡಿಯದೆ ಅಂಗಿ ಕಳಚಿಟ್ಟು, ಬನಿಯನ್ನಿನಲ್ಲೇ ಬೇಲಿ ದಾಟಿದ. ಹೊಲದ ಮೂಲೆಯಲ್ಲಿ ಬೈಲಪ್ಪನ ಹಳೆಯ ಬಾವಿಯಿತ್ತು. ಗುರುರಾಜ್ ಬಗ್ಗಿ ನೋಡಿ, “ನೀರೆಷ್ಟಿದೆ?” ಎಂದು ಕೇಳಿದ.

“ಸೊಪ್ಪಿನ ಮಡಿಗೆ ಸಾಲುತ್ತೆ. ಹತ್ತು ಗುಂಟೆಗೆ ಎಲ್ಲಿ ಸಾಲುತ್ತೆ ಸ್ವಾಮಿ?” ಎಂದ ಬೈಲಪ್ಪ.

“ಬಾವಿ ಪಕ್ಕದ ಎರಡು ಸಾಲಿಗೆ?”

ಬೈಲಪ್ಪ ಯೋಚಿಸಿದ. “ಎರಡು ಸಾಲಿಗೆ ಆಗ್ಬಹುದು. ಈಗ ತೆನೆ ಹೊರಡೋ ಹೊತ್ತು. ಈಗೊಂದು ಸಲ, ಹೂವಾದಾಗೊಂದು ಸಲ, ಹಾಲು ತುಂಬೋವಾಗ ಒಂದು ಸಲ. ಬುಡದಲ್ಲಿ ಕಾಲುವೆ ತೆಗೆದು ಚೆನ್ನಾಗಿ ನೆನೆಸ್ಬೇಕು. ಮೇಲ್ಮೇಲೆ ಚಿಮುಕಿಸಿದ್ರೆ ಪ್ರಯೋಜನ ಇಲ್ಲ.”

ಗುರುರಾಜ್ ರಾಟೆಯಲ್ಲಿ ನೀರು ಸೇದಿದ, ವೇದಾ ಹೊತ್ತು ಸುರಿದಳು. ಬಾವಿ ಬರಿದಾದರೆ ಮಾರನೆಯ ಸಂಜೆಯವರೆಗೆ ಊರಲು ಬಿಡಬೇಕಿತ್ತು. ಒಂದು ಸರ್ತಿ ಎರಡು ಸಾಲು ನೆನೆಸಲು ನಾಲ್ಕು ಸಂಜೆ ಹಿಡಿಯಿತು. ರಮಾಮಣಿ ಹಿತ್ತಲಲ್ಲಿ ನಿಂತು ನೋಡಿದಳು. ಮೂರನೆಯ ಸಂಜೆ ತನ್ನದೊಂದು ಬಕೆಟ್ ತಂದು, “ಕೊಡ್ರೀ ಇಲ್ಲಿ” ಎಂದು ಕೈ ಚಾಚಿದಳು. ಕೈಯಲ್ಲಿ ಬೊಬ್ಬೆ ಎದ್ದಿದ್ದ ಗುರುರಾಜ್ ಆವತ್ತು ಹಗ್ಗ ಹಿಡಿದುಕೊಂಡೇ ಹೆಂಡತಿಗೆ ಹೇಳಿದ, “ನಿಂಗ ಇಲ್ಲಿ ಇಷ್ಟು ಬ್ಯಾಸರ ಆಗಿತ್ತಂತ ನನಗ ತಿಳೀಲೇ ಇಲ್ಲ.” ಹತ್ತು ವರ್ಷದ ಬೆಂಗಳೂರು ವಾಸದಲ್ಲಿ ಮರೆತಿದ್ದ ತನ್ನೂರ ಮಾತು ಅವನ ಬಾಯಲ್ಲಿ ತಾನಾಗಿ ಬಂದಿತ್ತು.

ಉಳಿದ ಜೋಳ ಒಣಗಿತು. ಕೊಯ್ದು ಮುನಿರಾಜಪ್ಪನ ಎತ್ತುಗಳಿಗೆ ಹಾಕಿದರು. ಡಿಸೆಂಬರ್ ಕೊನೆಗೆ ಹುರುಳಿ ಕಿತ್ತು ಬಡಿದಾಗ ಮುಕ್ಕಾಲು ಮೂಟೆಯಾಯಿತು. ನೀರು ಕಂಡ ಎರಡು ಸಾಲುಗಳು ಜನವರಿ ಕೊನೆಗೆ ಮಾಗಿದವು. ವೇದಾ ಆ ಜೋಳ ಬೀಸಿ ರೊಟ್ಟಿ ಬಡಿದು, ಬೈಲಪ್ಪನನ್ನೂ ರಮಾಮಣಿಯನ್ನೂ ಊಟಕ್ಕೆ ಕರೆದಳು. ಹಲ್ಲು ಕಡಿಮೆಯಿದ್ದ ಬೈಲಪ್ಪ ಹುರುಳಿ ಸಾರಿನಲ್ಲಿ ನೆನೆಸಿಕೊಂಡು ಎರಡು ತಿಂದ.

ಮುಂದಿನ ವರ್ಷ ಜುಲೈ ಮೊದಲ ವಾರ, ಹದ ಮಳೆಯ ಮಾರನೆಯ ದಿನವೇ, ಇಪ್ಪತ್ತು ಗುಂಟೆಗೂ ರಾಗಿ ಬಿತ್ತಿದರು. ನಡುನಡುವೆ ಅವರೆಯ ಅಕ್ಕಡಿ ಸಾಲು. ಆ ವರ್ಷ ನೀರು ಸೇದುವ ಮಾತೇ ಬರಲಿಲ್ಲ. ಮಳೆ ಬರುತ್ತಾ ಹೋಯಿತು, ಪೈರು ಅದರ ಜೊತೆ ಬೆಳೆಯುತ್ತಾ ಹೋಯಿತು. ಅಷ್ಟರಲ್ಲಿ ವೇದಾ ಬಸುರಿ. ಜನವರಿ ಕೊನೆಗೆ ದಿನ ತುಂಬುತ್ತದೆ ಎಂದಿದ್ದರು. ಅಕ್ಟೋಬರಿನಲ್ಲೇ ಬಾ ಎಂದು ತವರಿನಿಂದ ಕಾಗದ ಬಂತು. ರಾಗಿ ಕೊಯ್ಲು ಮುಗಿಸಿಕೊಂಡು ಬರುತ್ತೇನೆ ಎಂದು ಉತ್ತರ ಬರೆದಳು.

ನವೆಂಬರ್ ಕೊನೆಗೆ ಕೊಯ್ಲಾಯಿತು. ಬೈಲಪ್ಪ ಅವಳಿಗೆ ಕುಡುಗೋಲು ಮುಟ್ಟಗೊಡಲಿಲ್ಲ. ಬದುವಿನ ಮೇಲೆ ಕೂರಿಸಿ, ತೆನೆ ಕೈಗೆ ಕೊಟ್ಟು, “ಉಜ್ಜಿ ನೋಡು, ಕಾಳು ಹೆಂಗಿದೆ” ಎಂದ. ಅಂಗೈಯಲ್ಲಿ ಉಜ್ಜಿ ಊದಿದಳು. ಕಾಳು ಗಟ್ಟಿಯಾಗಿತ್ತು.

ಡಿಸೆಂಬರಿನಲ್ಲಿ ಗುರುರಾಜ್ ಅವಳನ್ನು ರೈಲಿನಲ್ಲಿ ಕರೆದುಕೊಂಡು ಹೋದ. ಗದಗ ದಾಟುವ ಹೊತ್ತಿಗೆ ಬೆಳಗಾಗಿತ್ತು. ಹಿಂದಿನ ದಿನ ಬಿಟ್ಟು ಬಂದ ಹೊಲಗಳಲ್ಲಿ ಬರೀ ರಾಗಿಯ ಕೂಳೆಯಿತ್ತು. ಇಲ್ಲಿ ಕಿಟಕಿಯ ಎರಡೂ ಬದಿಗೆ ಕಪ್ಪು ನೆಲದ ಮೇಲೆ ಎದೆಯುದ್ದದ ಜೋಳ, ಎಲೆಯ ಮೇಲೆ ಇಬ್ಬನಿ.

ಸ್ಟೇಷನ್ನಿಗೆ ಬಂದಿದ್ದ ಹಯಗ್ರೀವರಾಯರು ಮಗಳನ್ನು ಗಾಡಿಗೆ ಹತ್ತಿಸಿ, ಹುಲ್ಲಿನ ಮೇಲೆ ಕಂಬಳಿ ಹಾಸಿ ಕೂರಿಸಿದರು.

“ಅಲ್ಲೆ ಬೆಳಿ ಹ್ಯಾಂಗ ಅವ ಈ ವರ್ಷ?” ಎಂದು ಕೇಳಿದರು.

“ನಮ್ಮದು ಕೊಯ್ಲು ಆತು ಅಪ್ಪಾ, ಛಲೋ ಬಂತು” ಎಂದಳು ವೇದಾ. “ನಿಮ್ಮದು ಈಗ ಹಾಲು ತುಂಬೂ ತೆನಿ ಅದ ಅನಸ್ತದ. ಒಂದೀಟು ಹೊಲದ ಕಡಿಂದ ಹಾಯ್ದು ಹೋಗೂಣು.”

ರಾಯರು ಗಾಡಿಯನ್ನು ಹೊಲದ ದಾರಿಗೆ ತಿರುಗಿಸಿದರು.