ಆರು ಮಂದಿ, ಒಂದೇ ಪಾಸ್‌ವರ್ಡ್

ಗೋಕಾಕದಿಂದ ಬಸ್ಸು ಹಿಡಿದು ಮೂಡಲಗಿಯ ಪಂಪಿನ ಮೋಟಾರು ರಿಪೇರಿ ಅಂಗಡಿಗೆ ಪದ್ಮಶ್ರೀ ಬಂದಾಗ, ಮಾಲೀಕ ಮುತ್ತಪ್ಪ ಕೂತುಕೋ ಎಂದೂ ಅನ್ನಲಿಲ್ಲ.

"ನಿನ್ನ ಆ್ಯಪ್ ಬಂದ್ ಮಾಡ್ತೇನಿ ಯವ್ವಾ. ನಮ್ಮ ಕೆಲಸದ ಹುಡುಗ ಮಾಳು, ತುಕ್ಕಾನಟ್ಟಿ ಊರಿನ ಹೊಲದಾಗ ನಿಂತು ಕೆಲಸಾ ಬರಿಯಾಕ ಹತ್ತಿದ್ರ, ನಡುವ ಹೊರಗ ಹಾಕತೈತಿ!"

ಯಾವ ಮೋಟಾರಿಗೆ ಯಾರು ಏನು ರಿಪೇರಿ ಮಾಡಿದರೆಂದು ಬರೆದಿಟ್ಟು ಬಿಲ್ ಕಳಿಸುವ ಆ ಆ್ಯಪ್ ಪದ್ಮಶ್ರೀಯೇ ಮಾಡಿದ್ದು, ಮುತ್ತಪ್ಪನೇ ಮೊದಲ ಗಿರಾಕಿ. ಇವನು ಬಿಟ್ಟರೆ, ಇವನ ಬಾಯಿಮಾತಿಗೆ ಕಾದಿರುವ ಹುಕ್ಕೇರಿಯ ಮೂರು ಅಂಗಡಿಗಳೂ ಕೈಬಿಟ್ಟಂತೆಯೇ. ಆದರೂ ಅವಳು ಹೆದರದೆ ಲ್ಯಾಪ್‌ಟಾಪ್ ತೆರೆದು ನೋಡಿದಳು.

"ಕಾಕಾ, ನೀವು ತಗೊಂಡಿದ್ದು ಒಬ್ಬರಿಗೆ. ಒಳಗ ಹೋಗಾಕತ್ತಿದ್ದು ಆರು ಮಂದಿ! ಒಬ್ಬರು ಬಂದ್ರ ಇನ್ನೊಬ್ಬರು ಹೊರಗ ಬೀಳ್ತಾರ."

"ಮತ್ತ? ತಲಿಗೆ ನಾನೂರು ಅಂದಿ. ಆರು ಮಂದಿಗೆ ತಿಂಗಳಾ ಎರಡು ಸಾವಿರದ ನಾನೂರು. ಮಳಿಗಾಲದಾಗ ಮೋಟಾರ ಸುಡೂದ ಇಲ್ಲ, ಎಲ್ಲಿಂದ ತರ್ಲಿ? ಒಂದ ತಗೊಂಡೆ, ಪಾಸ್‌ವರ್ಡ್ ಎಲ್ಲಾರಿಗೂ ಹಂಚಿದೆ."

ಅದರಲ್ಲಿ ತಪ್ಪೇನೂ ಅವನಿಗೆ ಕಂಡಿರಲಿಲ್ಲ. ಅಂಗಡಿಯ ಒಂದೇ ಬೈಕನ್ನು ಆರೂ ಜನ ಓಡಿಸುವುದಿಲ್ಲವೇ? ಪದ್ಮಶ್ರೀಗೆ ಬೈಯಲು ಬಾಯಿ ಬರಲಿಲ್ಲ. ಎಡವಿದ್ದು ತನ್ನ ದರವೇ.

"ತಲಿ ಲೆಕ್ಕಾ ಬಿಡೂಣು ಕಾಕಾ. ಎಷ್ಟ ಮಂದಿ ಬೇಕಾದ್ರೂ ಬರ್ಲಿ. ಮುಗದ ಕೆಲಸಕ್ಕ ಆರು ರೂಪಾಯಿ. ಬ್ಯಾಸಗಿಯೊಳಗ ಮುನ್ನೂರು ಕೆಲಸಾ ಆದ್ರ ಸಾವಿರದ ಎಂಟನೂರು. ಮಳಿಗಾಲದಾಗ ಎಪ್ಪತ್ತಾದ್ರ ಬರೇ ನಾನೂರಾ ಇಪ್ಪತ್ತು."

ಮುತ್ತಪ್ಪನ ಮುಖ ಸಡಿಲವಾಯಿತು. ಅಷ್ಟರಲ್ಲಿ ಗಲ್ಲಾದಲ್ಲಿ ಕೂತಿದ್ದ ಅವನ ಹೆಂಡತಿ ಸಾವಿತ್ರವ್ವ ಜೋರಾಗಿ ನಕ್ಕಳು.

"ಹಂಗಂದ್ರ ಯಾರು ಬರೀತಾರ ತಗೀ! ವಾಯರ್ ಬಿಗದು, ಫ್ಯೂಜ್ ಹಾಕಿ, ರೊಕ್ಕಾ ತಗೊಳ್ದ ಚಾ ಕುಡದು ಬರೂ ಕೆಲಸಾ ದಿನಾ ಹತ್ತು ಇರ್ತಾವ. ಅದಕ್ಕೂ ನಿನಗ ಆರು ರೂಪಾಯಿ ಅಂದ್ರ, ಮಾಲಕರಿಗೆ ಉಳಸೂಣು ಅಂತ ನಮ್ಮ ಮಂದಿ ಬರಿಯೂದ ಬಿಡ್ತಾರ."

ಪದ್ಮಶ್ರೀ ಪೆನ್ನು ಕಚ್ಚಿದಳು. ಖರೆ ಮಾತು. ಆ ಸಣ್ಣ ಕೆಲಸಗಳನ್ನು ಬರೆಯದಿದ್ದರೆ, ನಾಳೆ ಮೋಟಾರು ಸುಟ್ಟಾಗ ಹಿಂದೆ ಯಾರು ಏನು ಮುಟ್ಟಿದ್ದರೆಂದು ತಿಳಿಯುವುದು ಹೇಗೆ? ಆಗ ಆ್ಯಪ್ ಇದ್ದೂ ದಂಡ. ಹಾಗಾದರೆ ಎಣಿಸಬೇಕಾದದ್ದೇ ಬೇರೆ.

"ಕಾಕೂ, ಹಂಗಾರ ಚಾದ ಕೆಲಸಾ ಫುಕಟ್. ಎಷ್ಟ ಬೇಕಾದ್ರೂ ಬರೀರಿ. ಗಿರಾಕಿಗೆ ಬಿಲ್ ಹೋದ ಕೆಲಸಕ್ಕಷ್ಟ ನನಗ ಆರು ರೂಪಾಯಿ. ಬಿಲ್ ಎಷ್ಟ ಹೋದ್ರೂ ತಿಂಗಳಿಗೆ ಎರಡು ಸಾವಿರ ದಾಟೂದಿಲ್ಲ."

"ಮಳಿಗಾಲದಾಗ ನೀ ಏನ ತಿಂತಿ?" ಮುತ್ತಪ್ಪ ಕೆಣಕಿದ.

"ಬ್ಯಾಸಗಿಯೊಳಗ ದುಡದಿದ್ದು. ನೀವು ಹೆಂಗೋ ನಾನೂ ಹಂಗ."

ಮುತ್ತಪ್ಪ ಸ್ಟೂಲನ್ನು ಅವಳ ಕಡೆ ಸರಿಸಿ, ಹುಕ್ಕೇರಿಯ ಅಂಗಡಿಯವನೊಬ್ಬನಿಗೆ ಫೋನು ಹಚ್ಚಿದ. "ಶಿವಕುಮಾರ, ನಾಳೆ ಪದ್ಮಶ್ರೀ ಬರ್ತಾಳ. ನಿನ್ನ ಮಂದಿ ಹೆಸರು ಎಲ್ಲಾ ಬರಸು. ಜಿಪುಣತನಾ ಮಾಡಿ ಒಂದ ಹೆಸರು ಬರಸೀಯಪಾ, ಆಮ್ಯಾಲ ಒಬ್ಬರನ್ನೊಬ್ಬರು ಹೊರಗ ದಬ್ಬತಾರ!"