ದೊಡ್ಡಕ್ಕನ ಸಹಿ

ಕೆಲಸ ಬಿಡಬೇಕೋ ಬೇಡವೋ ಎಂದು ಆರು ತಿಂಗಳು ಒದ್ದಾಡಿದವಳು ನಾನು. ಕೊನೆಗೆ ಕಣ್ಣಾಸ್ಪತ್ರೆಯ ಡಾಕ್ಟರಮ್ಮ ಗಡುವು ಕೊಟ್ಟರು: ಸೋಮವಾರದೊಳಗೆ ಬರುತ್ತೀನಿ ಅನ್ನಿ, ಇಲ್ಲ ಬೇರೆಯವರನ್ನು ತಗೋತೀನಿ. ಅವರದು ಪುಟ್ಟ ಆಸ್ಪತ್ರೆ. ಸಂಬಳ ಕಮ್ಮಿ, ಒಂದೇ ಯಂತ್ರ. ನಾನಿದ್ದದ್ದು ಊರಿನ ದೊಡ್ಡ ಆಸ್ಪತ್ರೆಯಲ್ಲಿ, ಹದಿನಾಲ್ಕು ವರ್ಷದಿಂದ. ದೊಡ್ಡದು ಅಂದೆನೆಂದು ಬೆರಗಾಗಬೇಡಿ, ನಾವಿದ್ದದ್ದು ಅದರ ನೆಲಮಾಳಿಗೆಯಲ್ಲಿ.

ಆಪರೇಷನ್ನಿಗೆ ಬಳಸಿದ ಕತ್ತರಿ, ಚಿಮುಟ, ಇಕ್ಕಳಗಳೆಲ್ಲ ಕೆಳಗೆ ಬರುತ್ತವೆ. ಕೊಳೆ ಕೋಣೆಯಲ್ಲಿ ತೊಳೆದದ್ದು ಗೋಡೆಯೊಳಗಿನ ಯಂತ್ರದ ಮೂಲಕ ನಮ್ಮ ಕೋಣೆಗೆ ದಾಟುತ್ತದೆ. ನಾವು ಭೂತಗನ್ನಡಿಯ ದೀಪದಡಿ ಒಂದೊಂದನ್ನೂ ನೋಡಿ, ಪಟ್ಟಿಯ ಪ್ರಕಾರ ಎಣಿಸಿ, ತಟ್ಟೆಯಲ್ಲಿ ಜೋಡಿಸಿ, ಒಳಗೊಂದು ಕಾಗದದ ಸೂಚಕ ಇಟ್ಟು, ಎರಡು ಸುತ್ತು ಬಟ್ಟೆ ಕಟ್ಟಬೇಕು. ಆಮೇಲೆ ಆವಿಯ ಯಂತ್ರಕ್ಕೆ. ಆವಿ ಒಳಗಿನ ತನಕ ಸರಿಯಾಗಿ ತಲುಪಿದರೆ ಆ ಸೂಚಕದ ಬಣ್ಣ ಬದಲಾಗುತ್ತದೆ. ಕಟ್ಟಿನ ಮೇಲೆ ಚೀಟಿ: ತಾರೀಖು, ಯಂತ್ರದ ಸುತ್ತಿನ ಸಂಖ್ಯೆ, ಕಟ್ಟಿದವರ ಸಹಿ. ಸಹಿ ಇಲ್ಲದ ಕಟ್ಟು ಮೇಲೆ ಹೋಗುವ ಹಾಗಿಲ್ಲ.

ನಮ್ಮ ಮೇಲ್ವಿಚಾರಕನಿಗೆ ನಾವಿಟ್ಟ ಹೆಸರು ಮೇಷ್ಟ್ರು. ಬೆಳಗ್ಗೆ ಖಾಲಿ ಯಂತ್ರದ ಪರೀಕ್ಷೆ ನಡೆಯುವಾಗ ನಮ್ಮನ್ನೆಲ್ಲ ಗೋಡೆಗೆ ಸಾಲಾಗಿ ನಿಲ್ಲಿಸುತ್ತಿದ್ದ. ಪ್ರತಿಯೊಬ್ಬರೂ ಇನ್ನೊಬ್ಬರ ಒಂದು ತಪ್ಪು ಹೇಳಬೇಕು. ಇಲ್ಲ ಅಂದರೆ, "ಹಾಗಾದ್ರೆ ನೀನೇ ಮುಚ್ಚಿಡ್ತಿದೀಯ" ಎಂದು ನಮ್ಮ ಹೆಸರೇ ಹಲಗೆಗೆ ಏರುತ್ತಿತ್ತು. ದನಿ ಎತ್ತುತ್ತಿರಲಿಲ್ಲ ಪುಣ್ಯಾತ್ಮ. ಎತ್ತಿದ್ದರೆ ನಾವೂ ಎರಡು ಮಾತು ಆಡುತ್ತಿದ್ದೆವೋ ಏನೋ. ನಗುನಗುತ್ತಲೇ ಮನುಷ್ಯರನ್ನು ಹಿಂಡುತ್ತಿದ್ದ. ಹಲಗೆಯ ಮೇಲೆ ಅತಿ ಹೆಚ್ಚು ಏರುತ್ತಿದ್ದ ಹೆಸರು ದೊಡ್ಡಕ್ಕನದು. ನಮಗೆಲ್ಲ ಕೆಲಸ ಕಲಿಸಿದವಳು, ಕೈ ನಿಧಾನ. ಒಂದು ದಿನ ಏಪ್ರನ್ ಬಿಚ್ಚಿ ಸ್ಟೂಲಿನ ಮೇಲೆ ಮಡಚಿಟ್ಟು ಹೊರಟೇಹೋದಳು. ನಾವು ಯಾರೂ ತಡೆಯಲಿಲ್ಲ. ನಾನಂತೂ ತಲೆ ಎತ್ತಲೇ ಇಲ್ಲ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಮರುವಾರ, ಮೇಲೆ ಹೋದ ಒಂದು ತಟ್ಟೆಯಲ್ಲಿ ಇಕ್ಕಳ ಒಂದು ಕಡಿಮೆಯೆಂದು ದೂರು ಬಂತು. ಸಾಲಿನಲ್ಲಿ ನಿಂತಿದ್ದ ನಮ್ಮ ಸೋಡಾಗ್ಲಾಸ್ ಕನ್ನಡಕದವನು, ಏನೂ ತೋಚದೆ, "ದೊಡ್ಡಕ್ಕ ಕಟ್ಟಿದ್ದಿರಬೇಕು ಸಾರ್" ಅಂದ. ಎಲ್ಲರ ಉಸಿರೂ ಸಡಿಲಾಯಿತು. ಮೇಷ್ಟ್ರೂ ಖುಷಿಯಾಗಿ ಬರೆದುಕೊಂಡ: ಹಳೆಯ ದಾಸ್ತಾನು, ಕಟ್ಟಿದವರು ಕೆಲಸ ಬಿಟ್ಟಿದ್ದಾರೆ, ಕ್ರಮ ಜರುಗಿಸಲಾಗಿದೆ. ಕಟ್ಟು ಆರು ತಿಂಗಳು ಕೆಡುವುದಿಲ್ಲ, ಮೇಲಿನ ಆಫೀಸಿನವರು ನಂಬಿದರು. ಚೀಟಿಯ ತಾರೀಖು ನೋಡಲೆಂದು ಅವರು ಮೆಟ್ಟಿಲಿಳಿದು ಬಂದದ್ದನ್ನು ನಾನಂತೂ ಕಾಣೆ.

ಅಲ್ಲಿಂದ ಶುರುವಾಯಿತು. ಅವಸರದಲ್ಲಿ ಕಟ್ಟಿದ್ದಕ್ಕೆ, ಅನುಮಾನ ಇದ್ದದ್ದಕ್ಕೆ, ನಾವು ದೊಡ್ಡಕ್ಕನ ಸಹಿ ಹಾಕತೊಡಗಿದೆವು. ಒಂದು ಸುರುಳಿ, ಕೆಳಗೆ ಎರಡು ಚುಕ್ಕೆ, ಅಷ್ಟೇ. ನಾನೂ ಹಾಕಿದೆ. ಮೊದಲ ಸಲ ಹಳೆಯ ಚೀಟಿ ನೋಡಿಕೊಂಡು ಬರೆದೆ, ಹತ್ತನೆಯ ಸಲಕ್ಕೆ ನನ್ನ ಸಹಿಗಿಂತ ಚೆನ್ನಾಗಿ ಬರುತ್ತಿತ್ತು.

ಆಮೇಲೆ ಅವಳು ನಮ್ಮ ನಡುವೆಯೇ ಇರುವ ಹಾಗೆ ಮಾತು ಹೊರಳಿತು. "ಇವತ್ತು ದೊಡ್ಡಕ್ಕಂಗೆ ಮೂಡ್ ಸರಿಯಿಲ್ಲ ಕಣ್ರೇ, ಬೆಳಗ್ಗೆಯಿಂದ ಮೂರು ಎಡವಟ್ಟು ಮಾಡವ್ಳೆ" ಎಂದು ಒಬ್ಬಳು ನಗುತ್ತಿದ್ದಳು. ದೊಡ್ಡಕ್ಕನ ಸ್ಟೂಲಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಸೊಂಟ ಬಿದ್ದುಹೋಗುವಷ್ಟು ನಿಂತರೂ ಕೂರುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ಅವಳನ್ನು ಏನೋ ಅಂದೆ, ಕನ್ನಡಕದವನು "ಶ್!" ಅಂದು ಸ್ಟೂಲಿನ ಕಡೆ ನೋಡಿದ. ತಮಾಷೆಗೆ ಅಂದನೆಂದುಕೊಂಡೆ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ. ಆ ಕೋಣೆಗೆ ಕಿಟಕಿ ಇಲ್ಲ, ಯಂತ್ರ ಬುಸ್ಸೆಂದು ಉಸಿರು ಬಿಟ್ಟಾಗಲೆಲ್ಲ ನಾವೆಲ್ಲ ಒಟ್ಟಿಗೆ ಬೆಚ್ಚುತ್ತಿದ್ದೆವು.

ಮನೆಯಲ್ಲಿ ನಮ್ಮೆಜಮಾನರು, ಬಸ್ ಓಡಿಸುವವರು, ಸಾಕುಸಾಕಾಗಿ ಹೇಳಿದರು.

"ಊಟಕ್ಕೆ ಕೂತ್ರೆ ತಟ್ಟೇಲಿರೋದನ್ನ ಎಣಿಸ್ತೀಯ. ನಂಗೂ ದಿನಾ ಒಂದು ತಪ್ಪು ಹುಡುಕಿ ಹೇಳ್ತೀಯ. ಬಿಟ್ಟು ಬಾ ಮಾರಾಯ್ತಿ, ಅರ್ಧ ಹೊಟ್ಟೆ ಉಂಡ್ರೂ ಪರವಾಗಿಲ್ಲ."

"ಬಿಡೋದು ಸುಲಭ ಅಂದ್ಕೊಂಡ್ರಾ? ಹದಿನಾಲ್ಕು ವರ್ಷದ ಕೆಲಸ ರೀ."

"ಅದು ಕೆಲಸ ಅಲ್ಲ ಕಣೆ, ಗ್ರಹಚಾರ."

ಗುರುವಾರ ರಜೆ ಹಾಕಿ ಕಣ್ಣಾಸ್ಪತ್ರೆ ನೋಡಿ ಬಂದೆ. ಕಿಟಕಿಯಿದ್ದ ಕೋಣೆ. ಅಲ್ಲಿಯ ಒಬ್ಬಳೇ ಕೆಲಸದವಳು ಸೂಚಕದ ಪೊಟ್ಟಣವನ್ನು ಮೇಜಿನ ಮೇಲೇ ಇಟ್ಟುಕೊಂಡಿದ್ದಳು, ಕೈಗೆ ಸಿಗುವ ಹಾಗೆ. ನಮ್ಮಲ್ಲಿ ಆ ಪೊಟ್ಟಣ ಮೇಷ್ಟ್ರ ಡ್ರಾಯರಿನಲ್ಲಿ. ಹತ್ತು ಹತ್ತು ಎಣಿಸಿ ಕೊಡುತ್ತಿದ್ದ. ಮುಗಿಯಿತೆಂದು ಕೇಳಲು ಹೋದರೆ "ತಿಂತೀಯೇನಮ್ಮ?" ಎನ್ನುತ್ತಿದ್ದ.

ಸಂಜೆ ದೊಡ್ಡಕ್ಕನಿಗೆ ಫೋನ್ ಮಾಡಿದೆ. ಆರು ತಿಂಗಳಲ್ಲಿ ಮೊದಲ ಸಲ. ನಾನು ಬಾಯಿ ಬಿಡುವ ಮೊದಲೇ ಕೇಳಿದಳು:

"ಏನೇ, ಇವತ್ತು ನಾನೇನು ತಪ್ಪು ಮಾಡಿದೆ?"

"ನಿಂಗೆ ಗೊತ್ತಾ ಅಕ್ಕ?"

"ಗೊತ್ತಿಲ್ದೆ ಏನು? ಅನುಭವದ ಪತ್ರ ಕೇಳೋಕೆ ಆಫೀಸಿಗೆ ಹೋಗಿದ್ದೆ. ನನ್ನ ಹೆಸರಲ್ಲಿ ಐವತ್ತು ತಪ್ಪು, ಅದ್ರಲ್ಲಿ ಒಂದೂ ನಾನಿದ್ದಾಗಿಂದಲ್ಲ. ಪತ್ರ ಕೊಡ್ಲಿಲ್ಲ. ನಾನು ಕೆಲಸ ಬಿಟ್ಟೆ ಕಣೆ, ನೀವು ನನ್ನ ಬಿಡ್ಲಿಲ್ಲ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಫೋನ್ ಇಟ್ಟ ಮೇಲೂ ಬಹಳ ಹೊತ್ತು ಅತ್ತೆ.

ಶುಕ್ರವಾರ ಬೆಳಗ್ಗೆ ಹೋಗುವಷ್ಟರಲ್ಲಿ ಆಪರೇಷನ್ ಥಿಯೇಟರಿನಿಂದ ಒಂದು ಕಟ್ಟಿನ ಬಟ್ಟೆ ವಾಪಸ್ ಬಂದಿತ್ತು. ಬಿಚ್ಚಿ ನೋಡಿದರೆ ಒಳಗೆ ಸೂಚಕವೇ ಇಲ್ಲವಂತೆ. ಆವಿ ತಲುಪಿತೋ ಇಲ್ಲವೋ ಹೇಳುವವರು ಯಾರು? ರೋಗಿಗೆ ಆಗಲೇ ಅರಿವಳಿಕೆ ಕೊಟ್ಟಿದ್ದರು. ಇನ್ನೊಂದು ಕಟ್ಟು ತರಿಸುವ ತನಕ ರೋಗಿ ಹಾಗೇ ಮಲಗಿದ್ದರು.

ನಾವು ಸಾಲಾಗಿ ನಿಂತೆವು. ಮೇಷ್ಟ್ರು ಚೀಟಿಯನ್ನು ಎಲ್ಲರಿಗೂ ತೋರಿಸಿದ. ತಾರೀಖು ಗುರುವಾರದ್ದು. ಸಹಿ ದೊಡ್ಡಕ್ಕನದಲ್ಲ. ನನ್ನದು.

"ನಿನ್ನೆ ನಾನು ಬಂದೇ ಇಲ್ಲ ಸಾರ್," ಅಂದೆ.

ನನ್ನ ಪಕ್ಕ ನಿಂತವಳು ಮೇಷ್ಟ್ರಿಗೆ ಹೇಳಿದಳು: "ಅವಳಿಗೆ ಮೊದಲಿಂದಲೂ ಗಮನ ಕಮ್ಮಿ ಸಾರ್." ನಾನು ಅವಳ ಭುಜಕ್ಕೆ ಭುಜ ತಾಗಿಸಿ ನಿಂತಿದ್ದೇನೆ, ಅವಳು "ಅವಳು" ಅನ್ನುತ್ತಿದ್ದಾಳೆ! ಕನ್ನಡಕದವನೂ ಹೂಂಗುಟ್ಟಿದ. "ಪಾಪ, ಹೋಗೋಕೆ ಮುಂಚೆ ತುಂಬ ಎಡವ್ತಿದ್ಲು." ಒಬ್ಬೊಬ್ಬರನ್ನೇ ನೋಡಿದೆ. ಅವರ ಕಣ್ಣು ನನ್ನ ಮೇಲೆ ನಿಲ್ಲಲಿಲ್ಲ. ನನ್ನನ್ನು ದಾಟಿ ಗೋಡೆಯನ್ನು ನೋಡುತ್ತಿದ್ದವು. ನಾನು ಬದುಕಿದ್ದೇನೋ ಇಲ್ಲವೋ ಎಂದು ನನಗೇ ಅನುಮಾನ ಬಂದು ಕೈ ಚಿವುಟಿಕೊಂಡೆ.

ಎಲ್ಲರೂ ಚದುರಿದ ಮೇಲೆ ಮೇಷ್ಟ್ರು ನನ್ನನ್ನು ಕರೆದು ಕುರ್ಚಿ ಕೊಟ್ಟ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ.

"ಕಣ್ಣಾಸ್ಪತ್ರೆಗೆ ಹೋಗ್ತೀರಂತಲ್ಲ, ನಿನ್ನೆ ಆ ಡಾಕ್ಟ್ರಮ್ಮ ಫೋನ್ ಮಾಡಿ ನಿಮ್ಮ ಬಗ್ಗೆ ಕೇಳಿದ್ರು. ಒಳ್ಳೇದಾಯ್ತು. ದೊಡ್ಡಕ್ಕಂದು ಈ ತಿಂಗಳಿಗೆ ಆರು ತಿಂಗಳಾಗುತ್ತೆ. ಇನ್ಮೇಲೆ ಹಳೇ ದಾಸ್ತಾನು ಅಂದ್ರೆ ಆಫೀಸಿನೋರು ಒಪ್ಪಲ್ಲ."

"ಅದಕ್ಕೆ ನನ್ನ ಹೆಸರಾ?"

"ಹೋಗೋರು ನೀವು, ನಿಮಗೇನು ನಷ್ಟ? ಇಲ್ಲಿರೋರಿಗೂ ಸಂಸಾರ ಇದೆ. ನಗ್ತಾ ಹೋಗಿ. ಇಲ್ಲ ಇರ್ತೀನಿ ಅಂದ್ರೆ ಇರಿ, ಆದ್ರೆ ಇನ್ಯಾರಾದ್ರೂ ಹೋಗ್ಬೇಕಾಗುತ್ತೆ. ನೀವೇ ಹೇಳಿ, ಯಾರು ಹೋಗ್ಲಿ?"

ನಿಜ ಹೇಳುತ್ತೇನೆ, ಬಾಯಿಗೆ ಒಂದು ಹೆಸರು ಬಂದುಬಿಟ್ಟಿತ್ತು. ಒಬ್ಬೊಬ್ಬರು ಮಡಿಸುವ ರೀತಿ ಒಂದೊಂದು, ಆ ಬಟ್ಟೆಯ ಮಡಿಕೆ ಯಾರದ್ದೆಂದು ನನಗೆ ಗೊತ್ತಿತ್ತು. ಹೇಳಿದರೆ ನಾನು ಉಳಿಯುತ್ತಿದ್ದೆ, ಅವನು ಹೋಗುತ್ತಿದ್ದ, ಮರುದಿನದಿಂದ ಅವನ ಸಹಿಯನ್ನು ನಾವು ಕಲಿಯುತ್ತಿದ್ದೆವು. ನಾಲಿಗೆ ಕಚ್ಚಿಕೊಂಡೆ.

"ಒಂದು ಕಾಗದ ಕೊಡಿ," ಅಂದೆ.

ರಾಜೀನಾಮೆ ಎರಡು ಸಾಲು. ಅದರ ಕೆಳಗೆ ಇನ್ನೂ ನಾಲ್ಕು ಸಾಲು ಬರೆದೆ: ದೊಡ್ಡಕ್ಕನ ಸಹಿಯಲ್ಲಿ ನಾನು ಕಟ್ಟಿದ ಕಟ್ಟುಗಳಿವೆ, ಬೇರೆಯವರದ್ದೂ ಇವೆ, ಗುರುವಾರದ ಸಹಿ ನನ್ನದಲ್ಲ, ಸೂಚಕಗಳನ್ನು ಡ್ರಾಯರಿನಲ್ಲಿಟ್ಟು ಎಣಿಸಿ ಕೊಡುತ್ತಾರೆ, ಕೇಳಲು ಹೆದರಿ ಜನ ಹಾಗೇ ಕಟ್ಟುತ್ತಾರೆ. ಆಮೇಲೆ ಸಹಿ ಹಾಕಿದೆ. ನೋಡಿದರೆ ಒಂದು ಸುರುಳಿ, ಎರಡು ಚುಕ್ಕೆ.

ಹೊಡೆದುಹಾಕಿ ಮತ್ತೆ ಬರೆದೆ. ಮತ್ತೆ ಅದೇ ಸುರುಳಿ. ನನ್ನ ಸಹಿಯ ಮೊದಲ ಗೆರೆ ಎತ್ತ ಎಳೆಯುತ್ತಿದ್ದೆ ಎನ್ನುವುದೇ ಮರೆತುಹೋಗಿತ್ತು. ಮೇಷ್ಟ್ರು ನಗುತ್ತ ನೋಡುತ್ತಿದ್ದ. ಕೊನೆಗೆ ಒಂದನೇ ಕ್ಲಾಸಿನ ಮಗುವಿನಂತೆ ನನ್ನ ಹೆಸರನ್ನು ಅಕ್ಷರ ಅಕ್ಷರವಾಗಿ, ಪೂರ್ತಿಯಾಗಿ ಬರೆದೆ. ಬೆರಳು ನೋಯುತ್ತಿತ್ತು.

ಕಾಗದವನ್ನು ಅವನಿಗೆ ಕೊಡಲಿಲ್ಲ. ಮೆಟ್ಟಿಲು ಹತ್ತಿ ಥಿಯೇಟರಿನ ಹೆಡ್ ಸಿಸ್ಟರ್ ಹತ್ತಿರ ಹೋದೆ. ಅವರು ಓದಿದರು. ಮೇಲಿನಿಂದ ಕೆಳಗೆ ಎರಡು ಸಲ ಓದಿ, ಹೊಡೆದುಹಾಕಿದ ಸುರುಳಿಯ ಮೇಲೆ ಬೆರಳಿಟ್ಟರು.

"ಈ ಸುರುಳಿಯವಳನ್ನ ಆರು ತಿಂಗಳಿಂದ ಹುಡುಕ್ತಿದೀನಿ," ಅಂದರು. "ಕೇಳಿದಾಗೆಲ್ಲ ಕೆಲಸ ಬಿಟ್ಟಿದಾರೆ ಅಂತಾರೆ. ಬಿಟ್ಟವಳು ಅದು ಹೇಗೆ ದಿನಾ ಕಟ್ತಾಳೆ ಅಂತ ನಂಗೆ ತಲೆ ಕೆಟ್ಟಿತ್ತು. ನೀವೇನಾ?"

"ಹೌದು ಸಿಸ್ಟರ್," ಅಂದೆ. "ನಾನೂ ಒಬ್ಬಳು."

ಬೈದರು, ಚೆನ್ನಾಗಿಯೇ ಬೈದರು. ಆಮೇಲೆ ಉಗ್ರಾಣದ ಬಾಗಿಲು ತೆಗೆಸಿ ಸುರುಳಿಯಿದ್ದ ಕಟ್ಟುಗಳನ್ನೆಲ್ಲ ಕೆಳಗಿಳಿಸಿದರು. ಮೂವತ್ತೆಂಟು. ಮಡಿಕೆ ನೋಡಿ ನನ್ನವು ಒಂಬತ್ತೆಂದು ಗುರುತು ಹಿಡಿದೆ. ಉಳಿದವನ್ನು ಸಿಸ್ಟರ್ ಬಳಸದಂತೆ ಎತ್ತಿಡಿಸಿದರು. ಆ ಒಂಬತ್ತನ್ನು ಬಿಚ್ಚಿ, ತೊಳೆಯಲು ಕಳಿಸಿ, ಅಂದು ಸಂಜೆಯೊಳಗೆ ಮತ್ತೆ ಕಟ್ಟಿ, ಚೀಟಿಗಳಲ್ಲಿ ಪೂರ್ತಿ ಹೆಸರು ಬರೆದೆ. ಯಾರೂ ಹತ್ತಿರ ಸುಳಿಯಲಿಲ್ಲ. ಹೊರಡುವಾಗ ಹೋಗಿಬರುತ್ತೇನೆ ಅಂದೆ, ಯಾರೂ ತಲೆ ಎತ್ತಲಿಲ್ಲ. ಬಸ್ಸಿನಲ್ಲಿ ದೊಡ್ಡಕ್ಕನಿಗೆ ಫೋನ್ ಮಾಡಿ ಕಾಗದದಲ್ಲಿ ಬರೆದದ್ದನ್ನು ಒಂದೂ ಬಿಡದೆ ಹೇಳಿದೆ. ಪೂರ್ತಿ ಕೇಳಿ, "ಊಟ ಮಾಡಿದ್ಯೇನೇ?" ಅಂದಳು.

ಕಣ್ಣಾಸ್ಪತ್ರೆ ಸೇರಿ ಎಂಟು ದಿನಕ್ಕೆ ಹೆಡ್ ಸಿಸ್ಟರ್ ಫೋನ್ ಬಂತು.

"ಇವತ್ತು ಬೆಳಗ್ಗೆ ಒಂದು ಕಟ್ಟು ಬಂದಿದೆ. ನಿನ್ನೆ ತಾರೀಖು. ಮೇಲೆ ನಿಮ್ಮ ಹೆಸರಿದೆ, ಅಕ್ಷರ ಅಕ್ಷರವಾಗಿ."

ಕೈಯಲ್ಲಿದ್ದ ಚಿಮುಟ ತಟ್ಟೆಗೆ ಬಿತ್ತು. "ನಾನಲ್ಲ ಸಿಸ್ಟರ್, ದೇವರಾಣೆ."

"ಗೊತ್ತಮ್ಮ, ಗೊತ್ತಿದ್ದೇ ಫೋನ್ ಮಾಡಿದೆ. ಬಿಚ್ಚದೆ ಪಕ್ಕಕ್ಕಿಟ್ಟಿದೀನಿ. ಈಗ ಕೆಳಗಿಳೀತಿದೀನಿ, ನಿಮ್ಮ ಕಾಗದ ನಂಬದ ಆಫೀಸಿನೋರನ್ನೂ ಕರ್ಕೊಂಡು. ಕಟ್ಟೋರೆಲ್ಲ ನನ್ನ ಮುಂದೆ ಸಹಿ ಹಾಕಿ ತೋರಿಸ್ಲಿ."

ಫೋನ್ ಇಟ್ಟು, ಬಿದ್ದ ಚಿಮುಟವನ್ನು ಮತ್ತೆ ಸಾಲಿಗಿಟ್ಟೆ. ಅಲ್ಲಿ ಸಾಲಾಗಿ ನಿಂತವರು ಕಣ್ಣ ಮುಂದೆ ಬಂದರು. ಅವರ ಕೈಗೆ ಈಗ ಯಾರ ಸಹಿ ಬರುತ್ತದೋ ಎಂದು ಭಯವಾಯಿತು. ಆಮೇಲೆ ಎದುರಿಗಿದ್ದ ತಟ್ಟೆಗೆ ಸೂಚಕ ಇಟ್ಟು, ಕಟ್ಟಿ, ಚೀಟಿಯಲ್ಲಿ ಹೆಸರು ಬರೆದೆ. ಬರೆದದ್ದು ನನ್ನದೇ ಹೌದೋ ಅಲ್ಲವೋ ನೋಡು ಎಂದು ಪಕ್ಕದವಳಿಗೆ ತೋರಿಸಿದೆ.