ಬಗ್ಗಬಾರದ ಬೆನ್ನು

ಆದಿಲಕ್ಷ್ಮಮ್ಮ ಬಿದ್ದದ್ದು ಬಿದ್ದರು ಅನ್ನಿಸಿಕೊಳ್ಳುವಂಥದ್ದೂ ಅಲ್ಲ. ಸೊಪ್ಪು ಬಿಡಿಸಲು ಕೂರುವಾಗ ಮಣೆ ಜಾರಿತು, ನೆಲಕ್ಕೆ ಕುಕ್ಕರಿಸಿದರು, ಅಷ್ಟೆ. ಆದರೆ ಆ ಗಳಿಗೆಯಲ್ಲಿ ಯಾರೋ ಹೆಗಲ ಮೇಲೆ ಎರಡೂ ಕೈಯಿಟ್ಟು ಕೆಳಕ್ಕೆ ಒತ್ತಿದಂತಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ.

ಬೆನ್ನ ನಡುವೆ ಹುಟ್ಟಿದ ನೋವು ಪಕ್ಕೆಲುಬನ್ನು ಸುತ್ತಿಕೊಂಡು ಮುಂದಕ್ಕೆ ಬರುತ್ತಿತ್ತು. ಪಕ್ಕದ ಮನೆಯಾಕೆ ಉಳುಕು ತೆಗೆಸಿ ಅಂದಳು. ಸೊಸೆ ಅರ್ಚನ ಬೆನ್ನು ಮುಟ್ಟಲೂ ಬಿಡದೆ ರಾಬರ್ಟ್‌ಸನ್‌ಪೇಟೆಯ ಮೂಳೆ ಡಾಕ್ಟರ ಹತ್ತಿರ ಆಟೋದಲ್ಲಿ, ನಿಧಾನವಾಗಿ ಓಡಿಸಲು ಹೇಳುತ್ತ ಕರೆದೊಯ್ದಳು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಬೆನ್ನೆಲುಬಿನ ಒಂದು ಮಣಿಯ ಮುಂಭಾಗ ಕುಸಿದು, ಅದು ಬೆಣೆಯಂತಾಗಿತ್ತು.

“ಮೂಳೆ ಸವೆದಿದೆ ಅಜ್ಜಿ. ಇಷ್ಟು ಸಣ್ಣಗೆ ಬಿದ್ದರೂ ಕುಸಿಯುತ್ತೆ. ನರಕ್ಕೇನೂ ಒತ್ತಿಲ್ಲ. ಆದರೆ ಕಾಲು ಜೋಮು ಹಿಡಿದರೆ, ಬಲ ಹೋದರೆ, ಉಚ್ಚೆ ಕಟ್ಟಿದರೆ ಇಲ್ಲವೇ ತಾನಾಗೇ ಹೋದರೆ, ಆ ಕ್ಷಣವೇ ಬರಬೇಕು.”

ಪ್ಯಾರಸಿಟಮಾಲ್ ಹೊತ್ತು ತಪ್ಪದೆ, ತಡೆಯಲಾಗದ ನೋವಿಗೆ ಮಾತ್ರ ಟ್ರಮಡಾಲ್, ಮಲಬದ್ಧತೆಗೆ ಒಂದು ಔಷಧ. ಎದ್ದಾಗ, ಕೂತಾಗ ತೊಡಲು ಬೆನ್ನಿಗೆ ಗಟ್ಟಿ ಪಟ್ಟಿಗಳಿರುವ ಬ್ರೇಸ್. “ಮಲಗೇ ಇರಬೇಡಿ, ಸ್ವಲ್ಪ ಸ್ವಲ್ಪ ನಡೀರಿ. ಮುಂದಕ್ಕೆ ಬಗ್ಗೋದು, ಸೊಂಟ ತಿರುಗಿಸೋದು, ಕೊಡ ಎತ್ತೋದು ಯಾವುದೂ ಬೇಡ.”

ಏಳುವುದು ಹೇಗೆಂದು ಅಲ್ಲಿಯೇ ಕಲಿಸಿದರು. ಮೊಣಕಾಲು ಮಡಿಸಿ, ಹೆಗಲು ಸೊಂಟ ಒಟ್ಟಿಗೆ ಮರದ ದಿಮ್ಮಿ ಹೊರಳಿದ ಹಾಗೆ ಪಕ್ಕಕ್ಕೆ ಹೊರಳಿ, ಕಾಲು ಮಂಚದಿಂದ ಇಳಿಬಿಡುತ್ತಲೇ ಕೈಯೂರಿ ಮೇಲೇಳಬೇಕು.

ಮನೆಯಲ್ಲಿ ಮೂರನೆಯ ದಿನ ಆ ಸ್ವರ ಕೇಳಿಸಿತು. ಮಧ್ಯಾಹ್ನದ ಬಿಸಿಲು, ಬಾಗಿಲು ತೆರೆದೇ ಇತ್ತು. ನೆಲದೊಳಗಿಂದ ಯಾರೋ “ಕುನಿ… ಕುನಿ…” ಅನ್ನುತ್ತಿದ್ದರು. ಗಂಡ ಪೆರುಮಾಳ್‌ನ ಸ್ವರ. ಊರಿನ ಕೆಳಗೇ ಹಾದುಹೋಗುವ, ಈಗ ಮುಚ್ಚಿರುವ ಚಿನ್ನದ ಗಣಿಯಲ್ಲಿ ಬಂಡೆ ಕುಸಿದು ಅವನು ಹೋಗಿ ಎಷ್ಟೋ ವರ್ಷವಾಗಿತ್ತು. ಆದಿಲಕ್ಷ್ಮಮ್ಮ ಅರಿವಿಲ್ಲದೆ ಕತ್ತು ಒಳಕ್ಕೆ ಎಳೆದುಕೊಂಡರು.

ಸಂಜೆ ನೋಡಲು ಬಂದ ಸೆಲ್ವರಾಜ್ ಪೆರುಮಾಳ್‌ನ ಜೊತೆ ಗಣಿಗೆ ಇಳಿಯುತ್ತಿದ್ದವನು. ಆದಿಲಕ್ಷ್ಮಮ್ಮ ಆ ಕೂಗಿನ ಮಾತು ಹೇಳಿದಾಗ ಅವನ ಮುಖ ಬಿಳಿಚಿತು.

“ಅಕ್ಕಾ, ಸುರಂಗದ ಚಾವಣಿ ತಗ್ಗಿರೋ ಕಡೆ ಮುಂದೆ ಓಗೋನು ಇಂದೆ ಬರೋರಿಗೆ ಅಂಗೇ ಕೂಗ್ತಿದ್ದ. ಕುನಿ ಅಂದ್ರೆ ತಮಿಳಲ್ಲಿ ಬಗ್ಗು ಅಂತ. ನಿಂಗೆ ಯಾರು ಯೋಳಿದ್ರು?”

“ಯಾರೂ ಯೋಳಿಲ್ಲ ಕಣಪ್ಪ. ಅವ್ರು ಮನೇಲಿ ಗಣಿ ಮಾತೇ ಎತ್ತುತಿರ್ಲಿಲ್ಲ.”

ನೋವು ಜಾಸ್ತಿಯಾದಾಗಲೆಲ್ಲ ಅರ್ಚನ ಟ್ರಮಡಾಲ್ ಕೊಡುತ್ತಿದ್ದಳು. ಮರುದಿನ ಮಧ್ಯಾಹ್ನ ಅವಳು ಕಮೋಡ್ ಕುರ್ಚಿ ತರಲು ಪೇಟೆಗೆ ಹೋದಳು. ಕುಕ್ಕರಗಾಲಲ್ಲಿ ಕೂರುವುದು ಅತ್ತೆಗೆ ಇನ್ನು ಸಾಧ್ಯವಿರಲಿಲ್ಲ. ಆದಿಲಕ್ಷ್ಮಮ್ಮ ಬ್ರೇಸ್ ಬಿಚ್ಚಿ ಮಲಗಿದ್ದರು. ಸೀಲಿಂಗ್ ನಿಧಾನವಾಗಿ ಇಳಿಯತೊಡಗಿತು. ಗೋಡೆ ಕಪ್ಪು ಬಂಡೆಯಾಯಿತು, ನೀರು ಜಿನುಗಿತು. ಸ್ವರ ಮಂಚದ ಕೆಳಗೇ ಬಂದಿತ್ತು.

“ಕುನಿ. ಕಲ್ ಬೀಳ್ತದೆ. ಕುನಿದ್ಕೊಂಡು ಬಾ.”

ಧಡಕ್ಕನೆ ಏಳಹೋದರು. ನೋವು ಕತ್ತಿಯಂತೆ ಚುಚ್ಚಿ ಮತ್ತೆ ಕೆಡವಿತು. ಓಡಬೇಕು, ಆದರೆ ಬಗ್ಗಿದರೆ ಮಣಿ ಇನ್ನಷ್ಟು ಕುಸಿಯುತ್ತದೆ. ಅವರು ಮೊಣಕಾಲು ಮಡಿಸಿದರು. ಹೊರಳಿದರು. ಕಾಲು ಇಳಿಬಿಟ್ಟರು. ಯಾರೋ ತಲೆ ಒತ್ತುತ್ತಿದ್ದಂತೆಯೇ ಕೈಯೂರಿ ಎದ್ದು ನಿಂತರು.

“ಇಲ್ಲ ಕಣಯ್ಯ,” ಅಂದರು ಅಳುತ್ತ. “ನಾ ಬಗ್ಗಂಗಿಲ್ಲ. ನೀ ಬೇಕಾರೆ ನಿಂತ್ಕೋ. ಇಲ್ಲಿ ತಲೆ ತಗಲಲ್ಲ.”

ಸ್ವರ ನಿಂತಿತು.

ಅರ್ಚನ ಬಂದಾಗ ಅತ್ತೆ ಬಾಗಿಲ ಚೌಕಟ್ಟು ಹಿಡಿದು ನೆಟ್ಟಗೆ ನಿಂತು, ನೆಲದ ಜೊತೆ ಮಾತಾಡುತ್ತಿದ್ದರು. ಕಣ್ಣು ಎಲ್ಲೋ ಇತ್ತು. ಅವಳು ಬ್ರೇಸ್ ತೊಡಿಸಿ ಕೂರಿಸಿ ಡಾಕ್ಟರಿಗೆ ಫೋನ್ ಮಾಡಿದಳು.

“ಆ ಟ್ರಮಡಾಲ್ ನಿಲ್ಲಿಸಿ,” ಅಂದರು ಅವರು. “ವಯಸ್ಸಾದವರಿಗೆ ಅದು ಇಲ್ಲದ್ದನ್ನೆಲ್ಲ ತೋರಿಸುತ್ತೆ. ನಾಳೆ ಕರೆದುಕೊಂಡು ಬನ್ನಿ, ಬೇರೆ ಏನಾದ್ರೂ ಇದೆಯಾ ನೋಡೋಣ.”

ರಕ್ತ, ಮೂತ್ರದ ಪರೀಕ್ಷೆಯಲ್ಲಿ ಬೇರೇನೂ ಸಿಗಲಿಲ್ಲ. ಹೊಸ ಎಕ್ಸ್‌ರೇಯಲ್ಲಿ ಮಣಿ ಮೊದಲಿದ್ದ ಹಾಗೇ ಇತ್ತು. ಪ್ಯಾರಸಿಟಮಾಲ್ ಮತ್ತು ಬಿಸಿ ಕಾವಿನಲ್ಲೇ ದಿನ ಕಳೆಯಿತು. ಸೀಲಿಂಗ್ ತನ್ನ ಜಾಗದಲ್ಲೇ ಉಳಿಯಿತು. ಸೆಲ್ವರಾಜ್ ಮಾತ್ರ ಬಂದಾಗಲೆಲ್ಲ ಅದನ್ನೇ ಕೇಳುತ್ತಿದ್ದ, ಆ ಕೂಗು ನಿಂಗೆ ಯಾರು ಯೋಳಿದ್ರು ಅಂತ.

ತಿಂಗಳುಗಳು ಹೋದವು. ನೋವು ಇಳಿಯಿತು, ಮೂಳೆ ಗಟ್ಟಿಯಾಗಲು ಚುಚ್ಚುಮದ್ದು ಶುರುವಾಯಿತು. ಬ್ರೇಸನ್ನು ದಿನಕ್ಕಿಷ್ಟು ಹೊತ್ತು ಬಿಚ್ಚಿಡಬಹುದು ಅಂದರು ಡಾಕ್ಟರು.

ಒಂದು ಸಂಜೆ ಅತ್ತೆ ಸೊಸೆ ಕಾಫಿ ಕುಡಿಯುತ್ತಿದ್ದಾಗ ನೆಲದ ಆಳದಲ್ಲಿ ಧಡ್ ಎಂದಿತು. ಸ್ಟ್ಯಾಂಡಿನ ಲೋಟಗಳು ಗಲಗಲ ಅಂದವು.

“ಅತ್ತೆ, ಕೇಳಿಸ್ತಾ?” ಅಂದಳು ಅರ್ಚನ.

“ಊಂ. ಹಳೇ ಗಣಿ ಕುಸೀತೈತೆ.”

ಅರ್ಚನ ಬಾಗಿಲಿಗೆ ಓಡಿದಳು. ಆದಿಲಕ್ಷ್ಮಮ್ಮ ಲೋಟ ಪಕ್ಕದ ಮೇಜಿನ ಮೇಲಿಟ್ಟು, ಕುರ್ಚಿಯ ತುದಿಗೆ ಸರಿದು, ಕೈಯೂರಿ ಎದ್ದರು. ತಲೆ ಎತ್ತಿಕೊಂಡೇ ಹೊರಗೆ ನಡೆದರು.